ಮನೆಸಾಲ ತೀರಿದರೂ ಮೂಲ ದಾಖಲೆ ಮರಳಿಸದ ಬಗ್ಗೆ ದೂರು

ದಿನಾಂಕ: 10-5-2024
ಅವರ್ಸಾ, ಅಂಕೋಲಾ ತಾಲೂಕು

ಗೆ,
ಶಾಖಾ ವ್ಯವಸ್ಥಾಪಕರು,
ಕಾರವಾರ ಶಾಖೆ

ವಿಷಯ: 4417ರಿಂದ ಕೊನೆಗೊಳ್ಳುವ ಗೃಹಸಾಲ ಖಾತೆಯ ಮೂಲ ದಾಖಲೆಗಳನ್ನು ಮರಳಿಸುವುದು, ಋಣ ತೆಗೆಸುವುದು ಮತ್ತು ವಿಳಂಬ ಪರಿಹಾರ.

ಮಾನ್ಯರೇ,

ಮಾರ್ಚ್ 18ರಂದು ನಾನು ನಿಮ್ಮ ಶಾಖೆಗೆ ನಾಲ್ಕು ಪುಟಗಳ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಅದಕ್ಕೆ ಇದುವರೆಗೆ ಲಿಖಿತ ಉತ್ತರ ಬಂದಿಲ್ಲ. ಆ ದೂರಿನಲ್ಲಿ ಯಾರು ಯಾವಾಗ ಏನು ಹೇಳಿದರು ಎಂಬ ವಿವರವೆಲ್ಲ ಇದೆ. ತೀರ್ಮಾನಕ್ಕೆ ಬೇಕಾದಷ್ಟನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಅವರ್ಸಾದ ನನ್ನ ಮನೆ ಕಟ್ಟಲು 2010ರಲ್ಲಿ ನಿಮ್ಮ ಶಾಖೆಯಿಂದ ಪಡೆದ ₹9,50,000 ಸಾಲವನ್ನು ಒಂದು ಕಂತೂ ತಪ್ಪಿಸದೆ ಕಟ್ಟುತ್ತ ಬಂದು, ಉಳಿದ ಮೊತ್ತವನ್ನು 12-2-2024ರಂದು ಒಟ್ಟಿಗೆ ಪಾವತಿಸಿ ತೀರಿಸಿದ್ದೇನೆ. ಅದೇ ದಿನ ನೀವು ಬೇಬಾಕಿ ಪತ್ರ ಕೊಟ್ಟಿದ್ದೀರಿ. ಆದರೆ ಸಾಲ ಪಡೆಯುವಾಗ ಒಪ್ಪಿಸಿದ್ದ ನೋಂದಾಯಿತ ಕ್ರಯಪತ್ರ, ಭೂಪರಿವರ್ತನೆಯ ಆದೇಶ ಮತ್ತು ಪಂಚಾಯತದ ಕಟ್ಟಡ ಪರವಾನಿಗೆ, ಈ ಮೂರರಲ್ಲಿ ಒಂದೂ ನನ್ನ ಕೈಸೇರಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ ಇಂದಿಗೂ ನಿಮ್ಮ ಬ್ಯಾಂಕಿನ ಸಾಲವೇ ಕಾಣುತ್ತಿದೆ. ಮನೆಯನ್ನು ಮಗಳ ಹೆಸರಿಗೆ ದಾನಪತ್ರ ಮಾಡಿಕೊಡಬೇಕೆಂದಿದ್ದೆ, ಅದು ನಿಂತುಹೋಗಿದೆ.

ದಾಖಲೆಗಳು ಹುಬ್ಬಳ್ಳಿಯ ದಾಖಲೆ ಕೇಂದ್ರದಿಂದ ಬರಬೇಕೆಂದು ಮೊದಲು ಹೇಳಿದಿರಿ, ಏಪ್ರಿಲ್‌ನಲ್ಲಿ ಕಡತ ಸಿಗುತ್ತಿಲ್ಲವೆಂದಿರಿ. ಎರಡೂ ಬಾಯಿಮಾತು. ಹಣ ತೀರಿಸಿದವಳಿಗೆ ಅವಳ ಮನೆಯ ಕಾಗದ ಎಲ್ಲಿದೆ ಎಂದು ಬರೆದು ತಿಳಿಸದಿರುವುದನ್ನು ನಾನು ಒಪ್ಪಲಾರೆ.

ಭಾರತೀಯ ರಿಸರ್ವ್ ಬ್ಯಾಂಕ್ 13-9-2023ರಂದು ಹೊರಡಿಸಿ, 1-12-2023ರಿಂದ ಜಾರಿಗೆ ತಂದ ನಿರ್ದೇಶನದ ಪ್ರಕಾರ, ಗೃಹಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕು ಎಲ್ಲ ಮೂಲ ದಾಖಲೆಗಳನ್ನು ಮರಳಿಸಿ, ನೋಂದಣಿಯಾದ ಋಣವನ್ನೂ ತೆಗೆಸಬೇಕು. ತಡವಾದರೆ ಕಾರಣವನ್ನು ಗ್ರಾಹಕರಿಗೆ ತಿಳಿಸಬೇಕು. ತಡ ಬ್ಯಾಂಕಿನ ಕಡೆಯಿಂದಾಗಿದ್ದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು. ನನ್ನ ವಿಷಯದಲ್ಲಿ ಆ ಅವಧಿ ಮಾರ್ಚ್ 13ಕ್ಕೆ ಮುಗಿದಿದೆ. ಮಾರ್ಚ್ 14ರಿಂದ ಇಂದಿನವರೆಗಿನ 58 ದಿನಗಳಿಗೆ ₹2,90,000 ಆಗುತ್ತದೆ.

ದಾಖಲೆಗಳು ನಿಜವಾಗಿಯೂ ಕಳೆದುಹೋಗಿದ್ದರೆ ಅದನ್ನು ಲಿಖಿತವಾಗಿ ಒಪ್ಪಿಕೊಳ್ಳಿ. ಆಗಲೂ ನಿಮ್ಮ ಹೊಣೆ ತಪ್ಪುವುದಿಲ್ಲ. ಅದೇ ನಿರ್ದೇಶನದಂತೆ ನಕಲು ಅಥವಾ ದೃಢೀಕೃತ ಪ್ರತಿಗಳನ್ನು ಪಡೆಯಲು ನನಗೆ ನೆರವಾಗಿ ಅದರ ವೆಚ್ಚವನ್ನೂ ನೀವೇ ಭರಿಸಬೇಕು, ಪರಿಹಾರವನ್ನು ಪ್ರತ್ಯೇಕವಾಗಿ ಕೊಡಬೇಕು. ಇಂಥ ಸಂದರ್ಭಕ್ಕೆ ಬ್ಯಾಂಕಿಗೆ ಸಿಗುವ ಹೆಚ್ಚುವರಿ 30 ದಿನಗಳೂ ಏಪ್ರಿಲ್ 12ಕ್ಕೆ ಕಳೆದಿರುವುದರಿಂದ, ಆ ಲೆಕ್ಕದಲ್ಲೂ ಇಂದಿಗೆ 28 ದಿನಗಳ ₹1,40,000 ಬಾಕಿ ಇದೆ. ಯಾವ ಲೆಕ್ಕ ಅನ್ವಯಿಸುತ್ತದೆ ಎಂಬುದು ಕಡತ ಎಲ್ಲಿದೆ ಎಂಬ ನಿಮ್ಮ ಉತ್ತರದ ಮೇಲೆ ನಿಂತಿದೆ.

ಸಾಲ ಮುಗಿದ ನಂತರವೂ ಮಾರ್ಚ್ 5ರಂದು ನನ್ನ ಪಿಂಚಣಿ ಖಾತೆಯಿಂದ ₹10,240 ಕಂತು ಕಡಿತವಾಗಿದೆ. ಅದನ್ನು ಮರಳಿಸಿ, ಕಂತು ಕಡಿತದ ಆದೇಶವನ್ನು ರದ್ದುಪಡಿಸಿ.

ಆದ್ದರಿಂದ 24-5-2024ರ ಶುಕ್ರವಾರದೊಳಗೆ ಮೂಲ ದಾಖಲೆಗಳನ್ನು ಕಾರವಾರ ಶಾಖೆಯಲ್ಲೇ ನನಗೆ ಒಪ್ಪಿಸಿ, ಋಣಮುಕ್ತ ಪತ್ರವನ್ನು ನೋಂದಾಯಿಸಿ, ದಾಖಲೆ ಕೈಸೇರುವ ದಿನದವರೆಗಿನ ಪರಿಹಾರವನ್ನೂ ಹೆಚ್ಚುವರಿ ಕಂತಿನ ಹಣವನ್ನೂ ನನ್ನ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ಇವುಗಳಲ್ಲಿ ಯಾವುದನ್ನಾದರೂ ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲೇ ಕೊಡಿ. ನನ್ನ ಮೊದಲ ದೂರಿಗೆ 30 ದಿನ ಕಳೆದರೂ ಉತ್ತರ ಬಾರದ ಕಾರಣ, ರಿಸರ್ವ್ ಬ್ಯಾಂಕಿನ 2021ರ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಡಿ ದೂರು ಸಲ್ಲಿಸುವ ಹಕ್ಕು ನನಗೆ ಈಗಾಗಲೇ ಬಂದಿದೆ. ಮೇ 24ರ ನಂತರ ನಾನು ಮತ್ತೆ ಶಾಖೆಗೆ ಬರುವುದಿಲ್ಲ. ಇದೇ ಪತ್ರವನ್ನು ಅಡಕಗಳ ಸಹಿತ cms.rbi.org.in ಮೂಲಕ ಸಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಖಾತೆದಾರರು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ

ಅಡಕ: ಬೇಬಾಕಿ ಪತ್ರ, ಸಾಲ ಪಡೆಯುವಾಗ ದಾಖಲೆ ಒಪ್ಪಿಸಿದ್ದಕ್ಕೆ ಬ್ಯಾಂಕು ಕೊಟ್ಟ ರಸೀದಿ, ಮಾರ್ಚ್ 18ರ ದೂರು ಮತ್ತು ಅದರ ಸ್ವೀಕೃತಿ, ಋಣಭಾರ ಪ್ರಮಾಣಪತ್ರ ಹಾಗೂ ಪಾಸ್‌ಬುಕ್ಕಿನ ಮಾರ್ಚ್ ತಿಂಗಳ ಪುಟ, ಇವುಗಳ ನಕಲು.

ಪ್ರತಿ: ಬ್ಯಾಂಕಿನ ವಲಯ ಕಚೇರಿಯ ಕುಂದುಕೊರತೆ ಅಧಿಕಾರಿಯವರಿಗೆ, ನೋಂದಾಯಿತ ಅಂಚೆಯ ಮೂಲಕ.