ನವೆಂಬರ್ ವರದಿ: ಮಾನ್ವಿ ತಾಲೂಕಿನ ಕಣ್ಣು ತಪಾಸಣೆ ಅಭಿಯಾನ

ಪ್ರಿಯ ದಾನಿಗಳೇ, ನಮಸ್ಕಾರ.

ಈ ತಿಂಗಳು ನಿಮ್ಮ ನೆರವಿನಿಂದ 14 ಹಳ್ಳಿಗಳಲ್ಲಿ 1,240 ಜನರ ಕಣ್ಣು ಪರೀಕ್ಷೆಯಾಯಿತು. ಶಿಬಿರದ ಟ್ಯಾಬ್‌ಗಳಲ್ಲಿ ದಾಖಲಾದ ಮಾಹಿತಿಯಿಂದ ಈ ಲೆಕ್ಕ ತಾನಾಗಿಯೇ ತಯಾರಾಗುತ್ತದೆ. ಒಂದೇ ಮೊಬೈಲ್ ನಂಬರಿನಲ್ಲಿ ಮನೆಯ ಮೂರು ನಾಲ್ಕು ಜನ ಇರುತ್ತಾರೆ. ಹಾಗಾಗಿ ನಂಬರ್ ಅಲ್ಲ, ಹೆಸರು ಮತ್ತು ವಯಸ್ಸು ನೋಡಿ ಎಣಿಸಿದ್ದೇವೆ.

ವಾಟ್ಸಾಪ್ ಸಂದೇಶ 3,800 ಫೋನ್‌ಗಳಿಗೆ ತಲುಪಿತು. ಆದರೆ ಅದನ್ನು ನೋಡಿ ಬಂದೆವು ಎಂದವರು 210 ಜನ ಮಾತ್ರ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಹೇಳಿದ್ದಕ್ಕೆ ಬಂದವರೇ ಜಾಸ್ತಿ, 745 ಜನ. ಫೋನಿಗೆ ತಲುಪಿದ್ದನ್ನೇ ಜನರಿಗೆ ತಲುಪಿದೆವು ಎಂದು ಹೇಳುವುದು ಸರಿಯಲ್ಲ ಅಲ್ವಾ?

412 ಜನರಿಗೆ ಕನ್ನಡಕ ಬೇಕಿತ್ತು. 390 ಜನರಿಗೆ ಕೊಟ್ಟಾಗಿದೆ, ಉಳಿದವು ತಯಾರಾಗುತ್ತಿವೆ.

ನಮ್ಮನ್ನು ಕಾಡುತ್ತಿರುವುದು ಕಣ್ಣಿನ ಪೊರೆಯ ಲೆಕ್ಕ. 96 ಜನರಿಗೆ ಆಪರೇಷನ್ ಬೇಕು ಎಂದು ಹೇಳಿದೆವು, ಮಾಡಿಸಿಕೊಂಡವರು 61. ಉಳಿದ 35 ಜನರಲ್ಲಿ 22 ಮಂದಿ ಕಾರಣ ಹೇಳಿದ್ದು ಹತ್ತಿ ಬಿಡಿಸುವ ಕೂಲಿ. ಸುಗ್ಗಿಯಲ್ಲಿ ದಿನಗೂಲಿ ಬಿಟ್ಟು ಆಸ್ಪತ್ರೆಯಲ್ಲಿ ಕೂರುವುದು ಅವರಿಗೆ ನಿಜವಾಗಿಯೂ ಕಷ್ಟ. ಅದಕ್ಕೇ ಜನವರಿಯಲ್ಲಿ ಇವರಿಗಾಗಿಯೇ ವಾಹನ ಇಟ್ಟಿದ್ದೇವೆ, ಜೊತೆಗೆ ಬರುವವರ ಊಟದ ಖರ್ಚೂ ನಮ್ಮದೇ. ಆ 35 ಹೆಸರುಗಳ ಸ್ಥಿತಿಯನ್ನು ಮುಂದಿನ ವರದಿಗಳಲ್ಲಿ ಬೇರೆಯಾಗಿಯೇ ತಿಳಿಸುತ್ತೇವೆ.