ಮಕರಂದ: ಮುದ್ರಿಸಿ ಆಡುವ ಹಾಸಿನ ಆಟ
2ರಿಂದ 4 ಜನರಿಗೆ, ನಾಲ್ಕು ಎ4 ಹಾಳೆಗಳಲ್ಲಿ

ಮುದ್ರಣ

ಇಡೀ ಆಟವನ್ನು 210 × 297 ಮಿ.ಮೀ. ಅಳತೆಯ ಸಾಮಾನ್ಯ ಎ4 ಹಾಳೆಗೆ ಹೊಂದಿಸಲಾಗಿದೆ. ಹಾಳೆಗೆ ತಕ್ಕಂತೆ ಚಿತ್ರವನ್ನು ಕುಗ್ಗಿಸುವ ಆಯ್ಕೆಯನ್ನು ತೆಗೆದುಹಾಕಿ ಶೇ. 100ರ ಅಳತೆಯಲ್ಲೇ ಮುದ್ರಿಸಬೇಕು. ಹಾಳೆ 1ರ ಅಂಚಿನಲ್ಲಿರುವ ಗೆರೆಯು ಅಳತೆಪಟ್ಟಿಯಲ್ಲಿ ಸರಿಯಾಗಿ 100 ಮಿ.ಮೀ. ಬಂದರೆ ಮಾತ್ರ ಉಳಿದ ಹಾಳೆಗಳನ್ನು ಮುದ್ರಿಸಿರಿ.

ಹಾಳೆ 1 ಆಟದ ಹಾಸು. ಇದರಲ್ಲಿ 36 ಮಿ.ಮೀ. ಚೌಕದ 25 ಮನೆಗಳಿದ್ದು, ನಡುವಿನದು ಗೂಡು, ಉಳಿದ 24 ಹೂವಿನ ಮನೆಗಳು. 22 ಮಿ.ಮೀ. ಅಗಲದ ಜೇನುನೊಣದ ಕಾಯಿ ಮತ್ತು 12 ಮಿ.ಮೀ. ಅಗಲದ ಮಕರಂದದ ಹನಿ ಬಿಲ್ಲೆ ಪಕ್ಕಪಕ್ಕದಲ್ಲಿ ನಿಲ್ಲಬೇಕೆಂಬ ಕಾರಣಕ್ಕೇ ಮನೆಗೆ ಈ ಅಳತೆಯನ್ನು ಇಡಲಾಗಿದೆ. ಹಾಳೆ 2 ಮತ್ತು 3ರಲ್ಲಿ 63 × 88 ಮಿ.ಮೀ. ಅಳತೆಯ ಒಂಬತ್ತೊಂಬತ್ತು ಕಾರ್ಡ್‌ಗಳಿವೆ. ಎರಡೂ ಬದಿ ಮುದ್ರಿಸಿದಾಗ ಹಾಳೆ ತುಸು ಸರಿದರೂ ಕಾರ್ಡಿನ ಗುರುತು ಹಿಂಬದಿಯಿಂದಲೇ ಸಿಕ್ಕಿಬಿಡುವುದರಿಂದ ಬೆನ್ನನ್ನು ಖಾಲಿ ಬಿಡಲಾಗಿದೆ. ಹಾಳೆ 4ರಲ್ಲಿ ನಾಲ್ಕು ಬಣ್ಣದ ನೊಣಗಳೂ 24 ಹನಿಗಳೂ ಇವೆ. ಇವನ್ನು ರಟ್ಟಿಗೆ ಅಂಟಿಸಿ, ಅಂಟು ಪೂರ್ತಿ ಒಣಗಿದ ಮೇಲೆ ಕತ್ತರಿಸಿರಿ. ಕಾರ್ಡ್‌ಗಳನ್ನು ಮಾತ್ರ ರಟ್ಟಿಗೆ ಅಂಟಿಸಬಾರದು, ಏಕೆಂದರೆ ಕಲೆಸುವುದು ಕಷ್ಟವಾಗುತ್ತದೆ.

ಆಟ

ಹೂವಿನ ಪ್ರತಿ ಮನೆಯಲ್ಲೂ ಒಂದು ಹನಿಯನ್ನಿಟ್ಟು, ಎಲ್ಲರ ನೊಣಗಳನ್ನು ಗೂಡಿನಲ್ಲಿರಿಸಿ, ಕಾರ್ಡ್‌ಗಳನ್ನು ಕಲೆಸಿ ಕಟ್ಟಾಗಿ ಮಗುಚಿಡಿರಿ. ಕಿರಿಯರು ಆಟವನ್ನು ಆರಂಭಿಸುತ್ತಾರೆ. ಸರದಿ ಬಂದವರು ಮೇಲಿನ ಕಾರ್ಡನ್ನು ತೆಗೆದು, ಗಟ್ಟಿಯಾಗಿ ಓದಿ, ಅದರಂತೆ ನಡೆಯಬೇಕು.

ನೊಣವು ಉದ್ದಕ್ಕೆ ಅಥವಾ ಅಡ್ಡಕ್ಕೆ ನಡೆಯುತ್ತದೆ, ಓರೆಯಾಗಿ ನಡೆಯುವುದಿಲ್ಲ. ದಾರಿಯಲ್ಲಿ ತಿರುಗಬಹುದು, ಆದರೆ ಒಂದೇ ಹಾರಾಟದಲ್ಲಿ ಹೊರಟ ಮನೆಗೇ ಮರಳುವಂತಿಲ್ಲ. ಒಂದು ಮನೆಯಲ್ಲಿ ಎಷ್ಟು ನೊಣಗಳಾದರೂ ಇರಬಹುದು. ನಿಂತ ಮನೆಯಲ್ಲಿ ಹನಿಯಿದ್ದರೆ ಒಂದನ್ನು ಕಾಯಿಯ ಮೇಲೆ ಏರಿಸಿಕೊಳ್ಳಬೇಕು. ಎರಡಕ್ಕಿಂತ ಹೆಚ್ಚು ಹೊರುವಂತಿಲ್ಲ. ಗೂಡನ್ನು ಹೊಕ್ಕೊಡನೆ, ಹೆಜ್ಜೆಗಳು ಉಳಿದಿದ್ದರೂ, ನಡೆ ಮುಗಿಯುತ್ತದೆ; ಹೊತ್ತ ಹನಿಗಳು ಆ ಆಟಗಾರರ ಗಳಿಕೆಯಾಗುತ್ತವೆ.

ಕಾರ್ಡ್‌ಗಳ ಬರಹ

ಹಾರಾಟ (ಆರು ಕಾರ್ಡ್): ಎರಡು ಮನೆ ನಡೆಯಿರಿ.

ದೂರದ ಹಾರಾಟ (ಆರು ಕಾರ್ಡ್): ಮೂರು ಮನೆ ನಡೆಯಿರಿ.

ಮಳೆ (ಮೂರು ಕಾರ್ಡ್): ಗೂಡಿನ ಹೊರಗಿರುವ ಪ್ರತಿ ನೊಣವೂ ತಾನು ಹೊತ್ತ ಒಂದು ಹನಿಯನ್ನು ನಿಂತಲ್ಲೇ ಬಿಡಬೇಕು.

ಕುಣಿತ (ಮೂರು ಕಾರ್ಡ್): ಹನಿಯಿರುವ ಯಾವುದೇ ಮನೆಗೆ ನೇರವಾಗಿ ಹಾರಿರಿ. ಹೂವಿರುವ ದಿಕ್ಕನ್ನೂ ದೂರವನ್ನೂ ಜೇನುನೊಣಗಳು ಕುಣಿತದಿಂದ ಸಂಗಾತಿಗಳಿಗೆ ತಿಳಿಸುತ್ತವೆ. ಇದನ್ನು ಬಿಡಿಸಿ ತೋರಿಸಿದ ಕಾರ್ಲ್ ಫಾನ್ ಫ್ರಿಶ್ 1973ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಕುಣಿತದ ಕಾರ್ಡಿಗೆ ಹೆಜ್ಜೆಯ ಮಿತಿಯಿಲ್ಲದಿರುವುದರಿಂದ, ಮೂಲೆಯ ಹನಿಗಳನ್ನು ಅದಕ್ಕಾಗಿ ಉಳಿಸಿಕೊಂಡು, ಹತ್ತಿರದವನ್ನು ಹಾರಾಟದಲ್ಲಿ ತರುವುದು ಒಳ್ಳೆಯ ಆಟ. ಆದರೆ ಎರಡು ಹನಿ ತುಂಬುವವರೆಗೆ ಹೊರಗೇ ಉಳಿದವರಿಗೆ ಮಳೆಯ ಭಯವಿದ್ದೇ ಇರುತ್ತದೆ.

ಮುಕ್ತಾಯ

ಕಟ್ಟು ಬರಿದಾದಾಗ ಕಾರ್ಡ್‌ಗಳನ್ನು ಮತ್ತೆ ಕಲೆಸಿರಿ. ಇಬ್ಬರು ಆಡುವಾಗ ಕಟ್ಟು ಎರಡನೆಯ ಬಾರಿ, ಹೆಚ್ಚು ಜನರಿದ್ದಾಗ ಮೂರನೆಯ ಬಾರಿ ಬರಿದಾದೊಡನೆ ಆಟ ಮುಗಿಯುತ್ತದೆ. ಹಾಸಿನಲ್ಲಿ ಹನಿಗಳೇ ಉಳಿಯದೆ ಎಲ್ಲ ನೊಣಗಳೂ ಗೂಡು ಸೇರಿದರೆ ಅದಕ್ಕೂ ಮೊದಲೇ ಮುಗಿಯುತ್ತದೆ. ಹೆಚ್ಚು ಹನಿ ಗಳಿಸಿದವರು ಗೆಲ್ಲುತ್ತಾರೆ, ಸಮನಾದರೆ ಗೆಲುವನ್ನು ಹಂಚಿಕೊಳ್ಳುತ್ತಾರೆ. ನೊಣದ ಮೇಲೆಯೇ ಉಳಿದ ಹನಿ ಲೆಕ್ಕಕ್ಕೆ ಬರುವುದಿಲ್ಲ.