ಮೋಟಾರು ಅಪಘಾತ ನ್ಯಾಯಮಂಡಳಿಯ ನೋಟೀಸು: ವಿಮಾ ಕಂಪನಿಗೆ ವಾಹನ ಮಾಲೀಕರ ಪತ್ರ

ದಾವಣಗೆರೆ
ದಿನಾಂಕ: 11-06-2025

ಗೆ,
ಶಾಖಾ ವ್ಯವಸ್ಥಾಪಕರು,
ಮೋಟಾರು ಕ್ಲೇಮು ವಿಭಾಗ, ದಾವಣಗೆರೆ ಶಾಖೆ

ವಿಷಯ: ಎಂ.ವಿ.ಸಿ. ಸಂಖ್ಯೆ 418/2025ರಲ್ಲಿ ನನ್ನ ಸರಕು ವಾಹನ ಕೆಎ-17 ಡಿ 4172ರ ಪರವಾಗಿ ಹಾಜರಾಗಿ ಪ್ರತಿವಾದ ಮಾಡುವ ಬಗ್ಗೆ.

ಮಾನ್ಯರೇ,

ದಾವಣಗೆರೆಯ ಮೋಟಾರು ಅಪಘಾತ ಕ್ಲೇಮುಗಳ ನ್ಯಾಯಮಂಡಳಿಯಿಂದ ಹೊರಟ ನೋಟೀಸು ದಿನಾಂಕ 09-06-2025ರಂದು ನನಗೆ ಜಾರಿಯಾಗಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 166ರಡಿ ಸಲ್ಲಿಸಿರುವ ಅರ್ಜಿಯಲ್ಲಿ ನಾನು 1ನೇ ಎದುರುದಾರ, ತಾವು 2ನೇ ಎದುರುದಾರರು. ಕೇಳಿರುವ ಪರಿಹಾರ ರೂ. 18,50,000. ಮುಂದಿನ ವಿಚಾರಣೆ 07-07-2025ರಂದು ಇದೆ.

ದಿನಾಂಕ 18-02-2025ರ ಸಂಜೆ ಮೆಕ್ಕೆಜೋಳದ ಚೀಲಗಳನ್ನು ಹೇರಿಕೊಂಡು ದಾವಣಗೆರೆ ಎ.ಪಿ.ಎಂ.ಸಿ.ಗೆ ಬರುತ್ತಿದ್ದ ನನ್ನ ವಾಹನಕ್ಕೂ ಒಂದು ಬೈಕಿಗೂ ಆನಗೋಡು ಸಮೀಪದ ಸರ್ವೀಸ್ ರಸ್ತೆಯಲ್ಲಿ ಡಿಕ್ಕಿಯಾಗಿ, ಬೈಕ್ ಸವಾರನ ಬಲಗಾಲಿನ ಮೂಳೆ ಮುರಿದಿದೆ. ಬೈಕು ವಿರುದ್ಧ ದಿಕ್ಕಿನಿಂದ ಬಂತೆಂದು ನನ್ನ ಚಾಲಕ ಅಂದೇ ಹೇಳಿದ್ದಾನೆ. ಅರ್ಜಿಯಲ್ಲಿ ಮಾತ್ರ ತಪ್ಪೆಲ್ಲ ಅವನದೇ ಎಂದು ಬರೆಯಲಾಗಿದೆ. ಆದ್ದರಿಂದ ಪೊಲೀಸರ ಸ್ಥಳ ಮಹಜರು ಮತ್ತು ನಕ್ಷೆಯನ್ನು ತಮ್ಮ ವಕೀಲರು ಪಡೆದು ಪರಿಶೀಲಿಸುವುದು ಅತ್ಯಗತ್ಯ. ಗಾಯಾಳುವಿಗೆ ನ್ಯಾಯವಾಗಿ ಸಲ್ಲಬೇಕಾದ ಪರಿಹಾರ ಸಿಗಬಾರದೆಂಬುದು ನನ್ನ ಉದ್ದೇಶವಲ್ಲ. ಆತ ದುಡಿದು ಮನೆ ನಡೆಸುವ ಹುಡುಗ.

ಪಾಲಿಸಿಯು 05-08-2024ರಿಂದ 04-08-2025ರವರೆಗೆ ಚಾಲ್ತಿಯಲ್ಲಿದ್ದು, ಕಂತನ್ನು ಪೂರ್ತಿ ಪಾವತಿಸಿದ್ದೇನೆ. ಅಪಘಾತದ ಮರುದಿನವೇ ತಮ್ಮ ಶಾಖೆಗೆ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಮೊಹರು ಪಡೆದಿದ್ದೇನೆ. ಎಫ್.ಸಿ. ಊರ್ಜಿತದಲ್ಲಿತ್ತು. ಹೇರು ಸೇರಿ ವಾಹನದ ನೋಂದಾಯಿತ ಒಟ್ಟು ತೂಕ 1,550 ಕೆ.ಜಿ. ಆಗಿರುವುದರಿಂದ, 3,000 ಕೆ.ಜಿ. ಮೀರದ ಸರಕು ವಾಹನಗಳಿಗೆ ಕಲಂ 66(3)ರಡಿ ಇರುವ ವಿನಾಯಿತಿಯಂತೆ ಪರ್ಮಿಟ್ಟಿನ ಪ್ರಶ್ನೆ ಏಳುವುದಿಲ್ಲ.

ಚಾಲಕನ ಬಳಿ ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದು, ಸಾರಿಗೆ ವಾಹನದ ಪ್ರತ್ಯೇಕ ನಮೂದು ಇಲ್ಲ. ಈ ಕಾರಣ ಮುಂದಿಟ್ಟು ಕಲಂ 150ರಡಿ ಹೊಣೆ ನಿರಾಕರಿಸುವ ಅಥವಾ ಪರಿಹಾರ ಕೊಟ್ಟು ನಂತರ ನನ್ನಿಂದ ವಸೂಲು ಮಾಡುವ ಆಲೋಚನೆ ತಮಗಿದ್ದರೆ, 7,500 ಕೆ.ಜಿ.ಯೊಳಗಿನ ಸಾರಿಗೆ ವಾಹನವನ್ನು ಅದೇ ಲೈಸೆನ್ಸಿನಲ್ಲಿ ಚಲಾಯಿಸಬಹುದೆಂದು 2017ರ ಮುಕುಂದ ದೇವಾಂಗನ್ ಪ್ರಕರಣದಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 06-11-2024ರಂದು ಎತ್ತಿಹಿಡಿದಿದೆ ಎಂಬುದನ್ನು ಗಮನಿಸಬೇಕೆಂದು ಕೋರುತ್ತೇನೆ. ಒಂದೂವರೆ ಟನ್ನಿನ ಗಾಡಿಗೆ ಈ ತಕರಾರು ನಿಲ್ಲುವುದಿಲ್ಲವೆಂಬುದೇ ನನ್ನ ದೃಢವಾದ ನಿಲುವು.

ಆದಕಾರಣ, ತಾವು ಕೂಡಲೇ ವಕೀಲರನ್ನು ನೇಮಿಸಿ 07-07-2025ರಂದು ವಕಾಲತ್ತು ಹಾಗೂ ತಕರಾರು ಸಲ್ಲಿಸಬೇಕು. ಆ ವಕೀಲರ ಹೆಸರು ಮತ್ತು ಫೋನ್ ನಂಬರನ್ನು ಈ ಪತ್ರ ತಲುಪಿದ ಏಳು ದಿನಗಳೊಳಗೆ ನನಗೆ ಬರಹದಲ್ಲಿ ತಿಳಿಸಬೇಕು. ನನ್ನ ವಿರುದ್ಧ ಏಕಪಕ್ಷೀಯ ಆದೇಶವಾಗದಂತೆ ನಾನೂ ಪ್ರತ್ಯೇಕ ವಕೀಲರ ಮೂಲಕ ಹಾಜರಾಗುತ್ತೇನೆ. ನಾನು ಮತ್ತು ಚಾಲಕ ಸಾಕ್ಷಿ ನುಡಿಯಲು ಸಿದ್ಧರಿದ್ದೇವೆ. ತಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಅರ್ಜಿದಾರರೊಂದಿಗೆ ಯಾವ ರಾಜಿಯನ್ನೂ ಮಾಡಿಕೊಳ್ಳುವುದಿಲ್ಲ.

ನೋಟೀಸು, ಅರ್ಜಿಯ ಪ್ರತಿ, ಪಾಲಿಸಿ, ಆರ್.ಸಿ., ಎಫ್.ಸಿ., ಚಾಲಕನ ಲೈಸೆನ್ಸ್, ಎಫ್.ಐ.ಆರ್. ಮತ್ತು ತಮ್ಮ ಮೊಹರಿರುವ 19-02-2025ರ ಪತ್ರದ ನಕಲುಗಳನ್ನು ಲಗತ್ತಿಸಿದ್ದೇನೆ. ಈ ಪತ್ರವನ್ನು ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ಕಳುಹಿಸಲಾಗಿದೆ.

ತಮ್ಮ ವಿಶ್ವಾಸಿ,
(ಸಹಿ)
ಕೆ. ಬಸವರಾಜಪ್ಪ
ವಾಹನದ ನೋಂದಾಯಿತ ಮಾಲೀಕರು